ಬಂಡವಾಳದ ಬಡ್ಡಿ, ಡ್ರಾಯಿಂಗ್ಸ್ ಬಡ್ಡಿ: ಮೂವರು ಪಾಲುದಾರರಲ್ಲಿ ಯಾರ ಜೇಬಿನಿಂದ ಯಾರ ಜೇಬಿಗೆ?

ಪ್ರಶ್ನೆ: ದಾವಣಗೆರೆಯಲ್ಲಿ ನಾನು, ನನ್ನ ಭಾವ ಮತ್ತು ಒಬ್ಬ ಗೆಳೆಯ ಸೇರಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇವೆ. 2025ರ ಏಪ್ರಿಲ್ 1ಕ್ಕೆ ನನ್ನ ಬಂಡವಾಳ 9 ಲಕ್ಷ, ಭಾವನವರದು 5 ಲಕ್ಷ, ಗೆಳೆಯನದು 2 ಲಕ್ಷ. ಅಕ್ಟೋಬರ್ 1ಕ್ಕೆ ನಾನು ಇನ್ನೂ 3 ಲಕ್ಷ ಹಾಕಿದೆ. ಡೀಡ್ ಪ್ರಕಾರ ಬಂಡವಾಳಕ್ಕೂ ಡ್ರಾಯಿಂಗ್ಸ್‌ಗೂ ವರ್ಷಕ್ಕೆ ಶೇ 10 ಬಡ್ಡಿ. ಅಂಗಡಿ ನೋಡಿಕೊಳ್ಳುವ ಗೆಳೆಯನಿಗೆ ತಿಂಗಳಿಗೆ 15,000 ಸಂಬಳ, ವರ್ಷದ ಕೊನೆಗೆ ಜಮೆ. ಲಾಭ 2:2:1. ಇವನ್ನೆಲ್ಲ ಕಳೆಯುವ ಮುಂಚೆ ಈ ವರ್ಷದ ಲಾಭ 6 ಲಕ್ಷ. ಮಾರ್ಚ್ 31ಕ್ಕೆ ನನ್ನ ಬಂಡವಾಳ 12 ಲಕ್ಷ ದಾಟಿದ್ದರೂ ಲೆಕ್ಕದವರು 1,05,000 ಬಡ್ಡಿ ಮಾತ್ರ ಕೊಟ್ಟಿದ್ದಾರೆ. ನಾನು ಪ್ರತಿ ತಿಂಗಳ 1ಕ್ಕೆ ತೆಗೆದ 10,000ಕ್ಕೆ 6,500 ಬಡ್ಡಿ ಹಾಕಿದ್ದಾರೆ. ಭಾವ ಅದರ ಎರಡರಷ್ಟು, ತಿಂಗಳ ಕೊನೆಗೆ 20,000, ತೆಗೆದರೂ ಅವರಿಗೆ 11,000 ಅಷ್ಟೇ. ನನ್ನ ದುಡ್ಡು ನಾನು ತೆಗೆದುಕೊಂಡರೆ ಬಡ್ಡಿ ಯಾಕೆ? ಮುಂದೆ ಲಾಭ ಕಡಿಮೆಯಾದರೆ ನನ್ನ ಬಡ್ಡಿಯ ಗತಿ ಏನು?

ಉತ್ತರ: ನಿಮ್ಮ ಲೆಕ್ಕದವರು ಹಾಕಿರುವ ಮೂರೂ ಅಂಕಿ ಸರಿಯಾಗಿವೆ. ನಿಮಗೆ ಮೋಸ ಆಗಿಲ್ಲ. ಅಷ್ಟೇ ಅಲ್ಲ, ನಿಮಗೆ ಬೇಸರ ತಂದಿರುವ ಆ ಡ್ರಾಯಿಂಗ್ಸ್ ಬಡ್ಡಿಯಿಂದ ಈ ವರ್ಷ ನಿಮಗೆ ಲಾಭವೇ ಆಗಿದೆ. ಅದು ಹೇಗೆಂದು ಕೊನೆಯವರೆಗೆ ಲೆಕ್ಕ ಮಾಡಿದರೆ ಕಾಣುತ್ತದೆ, ಒಂದೊಂದಾಗಿ ನೋಡೋಣ.

ಮೊದಲು ಬಂಡವಾಳದ ಬಡ್ಡಿ. ಹಣ ಅಂಗಡಿಯಲ್ಲಿ ಎಷ್ಟು ಕಾಲ ದುಡಿಯಿತೋ ಅಷ್ಟು ಕಾಲಕ್ಕೆ ಬಡ್ಡಿ. ಏಪ್ರಿಲ್ 1ಕ್ಕೆ ಇದ್ದ 9 ಲಕ್ಷ ಇಡೀ ವರ್ಷ ಇತ್ತು, ಅದಕ್ಕೆ 90,000. ಅಕ್ಟೋಬರ್ 1ರ 3 ಲಕ್ಷ ಆರು ತಿಂಗಳು ಮಾತ್ರ ಇತ್ತು, ಅದಕ್ಕೆ 15,000. ಒಟ್ಟು 1,05,000. ಭಾವನವರಿಗೆ 50,000, ಗೆಳೆಯನಿಗೆ 20,000. ಮೂವರದೂ ಸೇರಿ 1,75,000.

ಮಾರ್ಚ್ 31ರ ಬಾಕಿಯ ಮೇಲೆ ಬಡ್ಡಿ ಕೇಳುವುದು ಬಹಳ ಜನ ಮಾಡುವ ತಪ್ಪು. ಆ ಬಾಕಿಯೊಳಗೆ ಈ ವರ್ಷದ ಲಾಭದ ಪಾಲೂ ಇದೆ, ಈ ವರ್ಷದ ಬಡ್ಡಿಯೂ ಇದೆ. ಅವೆರಡೂ ನಿಮ್ಮ ಖಾತೆಗೆ ಬಂದದ್ದು ವರ್ಷದ ಕೊನೆಯ ದಿನ. ಒಂದು ದಿನವೂ ದುಡಿಯದ ಹಣಕ್ಕೆ ಹನ್ನೆರಡು ತಿಂಗಳ ಬಡ್ಡಿ ಕೇಳಿದ ಹಾಗಾಗುತ್ತದೆ. ಕೈಯಲ್ಲಿ ಮಾರ್ಚ್ 31ರ ಬಾಕಿ ಮಾತ್ರ ಇದ್ದು ಆರಂಭದ ಬಂಡವಾಳ ಗೊತ್ತಿಲ್ಲದಿದ್ದರೆ ಹಿಂದಕ್ಕೆ ನಡೆಯಬೇಕು: ತೆಗೆದದ್ದನ್ನು ಕೂಡಿಸಿ, ಬಂದದ್ದನ್ನು ಕಳೆಯಬೇಕು. ನಿಮ್ಮ ಮಾರ್ಚ್ 31ರ ಬಾಕಿ 12,86,700 ಎಂದು ಮುಂದೆ ಬರುತ್ತದೆ. ಅದಕ್ಕೆ ಡ್ರಾಯಿಂಗ್ಸ್ 1,20,000 ಮತ್ತು ಅದರ ಬಡ್ಡಿ 6,500 ಕೂಡಿಸಿ. ಲಾಭದ ಪಾಲು 1,08,200, ಬಡ್ಡಿ 1,05,000, ಹೊಸ ಬಂಡವಾಳ 3,00,000 ಕಳೆಯಿರಿ. ಉಳಿಯುವುದು ಸರಿಯಾಗಿ 9,00,000.

ತಿಂಗಳು ತಿಂಗಳು ನೀವು 10,000 ತೆಗೆದಿದ್ದರೂ ಬಡ್ಡಿಗೆ 9 ಲಕ್ಷವನ್ನೇ ಹಿಡಿದಿದ್ದಾರೆ, ಅದರಿಂದ ಡ್ರಾಯಿಂಗ್ಸ್ ಕಳೆದಿಲ್ಲ ಎಂಬುದನ್ನು ಗಮನಿಸಿ. ತೆಗೆದ ಹಣಕ್ಕೆ ಬೇರೆಯಾಗಿ ಬಡ್ಡಿ ಹಾಕಿದ್ದಾರಲ್ಲ, ಅದಕ್ಕೇ. ಕೆಲವು ಕಡೆ ಕಂಪ್ಯೂಟರಿನಲ್ಲಿ ಬಂಡವಾಳ ಖಾತೆಯ ದಿನದಿನದ ಬಾಕಿಯ ಮೇಲೆ ಬಡ್ಡಿ ತೆಗೆಯುತ್ತಾರೆ. ಅದೂ ಸರಿಯೇ, ಆದರೆ ಹಾಗೆ ಮಾಡಿದಾಗ ತೆಗೆದ ಹಣದ ಬಡ್ಡಿ ತಾನಾಗಿಯೇ ಕಡಿತವಾಗಿರುತ್ತದೆ. ಅದರ ಮೇಲೆ ಮತ್ತೆ ಡ್ರಾಯಿಂಗ್ಸ್ ಬಡ್ಡಿ ಹಾಕಿದರೆ ಒಂದೇ ಹಣಕ್ಕೆ ಎರಡು ಸಲ ಹೊಡೆತ. ಬಂಡವಾಳವನ್ನೇ ಕಡಿಮೆ ಮಾಡುವ ಉದ್ದೇಶದಿಂದ ಒಬ್ಬರು ದೊಡ್ಡ ಮೊತ್ತ ಹಿಂದಕ್ಕೆ ಪಡೆದರೆ ಅದು ಬೇರೆ ಮಾತು. ಅದನ್ನು ಡ್ರಾಯಿಂಗ್ಸ್‌ಗೆ ಬರೆಯದೆ ಬಂಡವಾಳದಿಂದಲೇ ಕಳೆದು, ಆ ದಿನದಿಂದ ಉಳಿದ ಮೊತ್ತಕ್ಕೆ ಮಾತ್ರ ಬಡ್ಡಿ ಕೊಡಬೇಕು.

ಇನ್ನು ನಿಮ್ಮ 6,500 ಮತ್ತು ಭಾವನವರ 11,000. ನೀವು ಏಪ್ರಿಲ್ 1ಕ್ಕೆ ತೆಗೆದ 10,000 ಅಂಗಡಿಯಿಂದ ಹೊರಗಿದ್ದದ್ದು 12 ತಿಂಗಳು. ಮೇ 1ರದ್ದು 11 ತಿಂಗಳು, ಜೂನ್ 1ರದ್ದು 10. ಹೀಗೇ ಇಳಿಯುತ್ತ ಮಾರ್ಚ್ 1ರದ್ದು 1 ತಿಂಗಳು. ಹನ್ನೆರಡನ್ನೂ ಕೂಡಿದರೆ 78, ಸರಾಸರಿ ಆರೂವರೆ ತಿಂಗಳು. ಹಾಗಾಗಿ,

```
1,20,000 × 10/100 × 6.5/12 = 6,500
```

ಭಾವ ತೆಗೆದದ್ದು ತಿಂಗಳ ಕೊನೆಗೆ. ಅವರ ಏಪ್ರಿಲ್ 30ರ ಹಣ ಹೊರಗಿದ್ದದ್ದು 11 ತಿಂಗಳು, ಮಾರ್ಚ್ 31ರ ಹಣ ಸೊನ್ನೆ. ಕೂಡಿದರೆ 66, ಸರಾಸರಿ ಐದೂವರೆ.

```
2,40,000 × 10/100 × 5.5/12 = 11,000
```

ಮೊತ್ತ ಎರಡರಷ್ಟಾದರೂ ಬಡ್ಡಿ ಎರಡರಷ್ಟಾಗದೆ ಇರುವುದಕ್ಕೆ ಈ ಒಂದು ತಿಂಗಳ ವ್ಯತ್ಯಾಸವೇ ಕಾರಣ. ನೀವೂ ತಿಂಗಳ ಕೊನೆಗೇ ತೆಗೆದಿದ್ದರೆ ನಿಮ್ಮ ಬಡ್ಡಿ 5,500 ಆಗುತ್ತಿತ್ತು. ತಿಂಗಳ ನಡುವೆ ತೆಗೆಯುವವರಿಗೆ ಸರಾಸರಿ 6 ತಿಂಗಳು. ಮೂರು ತಿಂಗಳಿಗೊಮ್ಮೆ ತೆಗೆದರೆ ತ್ರೈಮಾಸಿಕದ ಆರಂಭಕ್ಕೆ 7.5, ನಡುವೆ 6, ಕೊನೆಗೆ 4.5 ತಿಂಗಳು.

ಈ ಆರೂವರೆ, ಐದೂವರೆಗಳನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದವರು ಎಡವುವ ಜಾಗ ಒಂದಿದೆ. ಹನ್ನೆರಡು ತಿಂಗಳೂ, ಸಮ ಮೊತ್ತ, ಒಂದೇ ತಾರೀಖು ಎಂಬ ಮೂರೂ ಕೂಡಿ ಬಂದರೆ ಮಾತ್ರ ಅವು ನಿಲ್ಲುತ್ತವೆ. ಒಬ್ಬರು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಪ್ರತಿ 1ನೇ ತಾರೀಖು ತೆಗೆದರೆ ಸರಾಸರಿ ಮೂರೂವರೆ ತಿಂಗಳು, ಆರೂವರೆ ಅಲ್ಲ. ನಡುವೆ ಒಂದು ತಿಂಗಳು ತಪ್ಪಿದರೂ ಸೂತ್ರ ಬಿಟ್ಟು ಕೈಲೆಕ್ಕಕ್ಕೆ ಇಳಿಯಬೇಕು.

ನಿಮ್ಮ ಗೆಳೆಯನದು ಅಂಥದ್ದೇ ಕೈಲೆಕ್ಕ. ಅವರು ಯಾವಾಗ ಎಷ್ಟು ತೆಗೆದರೆಂದು ನೀವು ಬರೆದಿಲ್ಲ. ಹಾಗಾಗಿ ಮಾದರಿಗೆ ಜೂನ್ 1ಕ್ಕೆ 40,000, ಸೆಪ್ಟೆಂಬರ್ 1ಕ್ಕೆ 30,000, ಅಕ್ಟೋಬರ್ 31ಕ್ಕೆ 60,000, ಫೆಬ್ರವರಿ 1ಕ್ಕೆ 25,000, ಒಟ್ಟು 1,55,000 ಎಂದು ಇಟ್ಟುಕೊಳ್ಳುತ್ತೇನೆ. ನಿಮ್ಮ ಪುಸ್ತಕದಲ್ಲಿ ಬೇರೆ ಇದ್ದರೆ ಆ ಅಂಕಿ ಹಾಕಿಕೊಳ್ಳಿ, ದಾರಿ ಇದೇ. ಪ್ರತಿ ಮೊತ್ತವನ್ನೂ ಮಾರ್ಚ್ 31ರವರೆಗೆ ಅದು ಹೊರಗಿದ್ದ ತಿಂಗಳುಗಳಿಂದ ಗುಣಿಸಿ, ಬಂದದ್ದನ್ನೆಲ್ಲ ಕೂಡಿ, ಒಂದು ತಿಂಗಳ ಬಡ್ಡಿ ಹಾಕಿದರೆ ಮುಗಿಯಿತು.

```
40,000 × 10 = 4,00,000
30,000 ×  7 = 2,10,000
60,000 ×  5 = 3,00,000
25,000 ×  2 =   50,000
              9,60,000 × 10/100 × 1/12 = 8,000
```

ಇಲ್ಲಿ ನಿಮ್ಮ ಗೆಳೆಯ ಒಂದು ಮಾತು ಎತ್ತಬಹುದು: "ನಾನು ತೆಗೆದದ್ದು ನನ್ನ ಸಂಬಳದ ದುಡ್ಡನ್ನೇ, ಅದಕ್ಕೆ ಬಡ್ಡಿ ಯಾಕಪ್ಪಾ?" ಆ ಮಾತಿನಲ್ಲಿ ನ್ಯಾಯವಿದೆ. ಆದರೆ ಸಂಬಳ ವರ್ಷದ ಕೊನೆಗೆ ಜಮೆ ಎಂದು ಡೀಡ್‌ನಲ್ಲಿ ಬರೆದಿದ್ದೀರಿ. ಜೂನ್‌ನಲ್ಲಿ ಅವರ ಖಾತೆಯಲ್ಲಿ ಸಂಬಳವೇ ಇರಲಿಲ್ಲ, ಆದ್ದರಿಂದ ಅವರು ತೆಗೆದದ್ದು ಡ್ರಾಯಿಂಗ್ಸ್ ಆಗುತ್ತದೆ. ತಿಂಗಳು ತಿಂಗಳು ಸಂಬಳ ಕೊಡುವ ಪದ್ಧತಿ ಇದ್ದರೆ ಆ ಹಣ ಡ್ರಾಯಿಂಗ್ಸ್ ಖಾತೆಯ ಕಡೆಗೇ ಹೋಗುವುದಿಲ್ಲ. ದಿನಪೂರ್ತಿ ಗಲ್ಲಾದ ಮುಂದೆ ಕೂರುವವರು ತಮ್ಮ ದುಡಿಮೆಯ ಹಣಕ್ಕೇ ಬಡ್ಡಿ ತೆರುವುದು ನನಗೆ ಸರಿ ಕಾಣುವುದಿಲ್ಲ. ಸಂಬಳದ ಮೊತ್ತದವರೆಗೆ ತೆಗೆದದ್ದಕ್ಕೆ ಬಡ್ಡಿ ಇಲ್ಲ ಎಂದು ಡೀಡ್‌ಗೆ ಒಂದು ಸಾಲು ಸೇರಿಸಿಕೊಂಡರೆ ಈ ಜಗಳವೇ ಇರುವುದಿಲ್ಲ.

ಡ್ರಾಯಿಂಗ್ಸ್ ಎಂದರೆ ಗಲ್ಲಾದಿಂದ ತೆಗೆದ ನಗದು ಮಾತ್ರವಲ್ಲ. ಅಂಗಡಿಯ ಬ್ಯಾಂಕ್ ಖಾತೆಯಿಂದ ಕಟ್ಟಿದ ನಿಮ್ಮ ಎಲ್‌ಐಸಿ ಕಂತು, ನಿಮ್ಮ ಸ್ವಂತ ಆದಾಯ ತೆರಿಗೆ, ಮನೆಯ ಕರೆಂಟ್ ಬಿಲ್ ಎಲ್ಲವೂ ಡ್ರಾಯಿಂಗ್ಸೇ. ಮನೆಗೆ ಒಯ್ದ ಪೇಂಟ್ ಡಬ್ಬ, ನಲ್ಲಿ, ಪೈಪು ಕೂಡ ಸೇರುತ್ತವೆ. ಅವನ್ನು ಮಾರುವ ಬೆಲೆಗಲ್ಲ, ಕೊಂಡ ಬೆಲೆಗೆ ಬರೆದು ಖರೀದಿಯಿಂದ ಕಳೆಯಬೇಕು. ಆ ಮಾಲಿನ ಮೇಲೆ ಪಡೆದ ಜಿಎಸ್‌ಟಿ ಇನ್‌ಪುಟ್ ಅನ್ನೂ ವಾಪಸ್ ಮಾಡಬೇಕು, ಏಕೆಂದರೆ ಸ್ವಂತ ಬಳಕೆಯ ಮಾಲಿಗೆ ಇನ್‌ಪುಟ್ ಸಿಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಬ್ಬ ಪಾಲುದಾರರ ಮನೆ ಕಟ್ಟುವ ವರ್ಷ ಈ ಬಾಬ್ತು ಸಣ್ಣದಾಗಿರುವುದಿಲ್ಲ. ಆಗಲೇ ಸ್ಲಿಪ್ ಬರೆದಿಡದಿದ್ದರೆ ಸ್ಟಾಕ್ ಎಣಿಸುವಾಗ ಮಾಲು ಕಡಿಮೆ ಬಿದ್ದು, ಆ ನಷ್ಟವನ್ನು ಮೂವರೂ ಹೊರುತ್ತಾರೆ.

ಈಗ ಹಂಚಿಕೆ. ಇದನ್ನು ಲಾಭ-ನಷ್ಟ ವಿನಿಯೋಗ ಖಾತೆಯಲ್ಲಿ ಮಾಡುತ್ತಾರೆ. 6,00,000 ಲಾಭಕ್ಕೆ ಮೂವರ ಡ್ರಾಯಿಂಗ್ಸ್ ಬಡ್ಡಿ 25,500 ಕೂಡಿಸಿ, ಏಕೆಂದರೆ ಅದು ಅಂಗಡಿಗೆ ಬರಬೇಕಾದದ್ದು. 6,25,500 ಆಯಿತು. ಅದರಿಂದ ಗೆಳೆಯನ ಸಂಬಳ 1,80,000, ಬಂಡವಾಳದ ಬಡ್ಡಿ 1,75,000 ಕಳೆಯಿರಿ. ಉಳಿದದ್ದು 2,70,500. ಐದು ಪಾಲು ಮಾಡಿದರೆ ಒಂದು ಪಾಲು 54,100. ನಿಮಗೆ 1,08,200, ಭಾವನವರಿಗೆ 1,08,200, ಗೆಳೆಯನಿಗೆ 54,100.

ಬಂಡವಾಳ 9:5:2 ಇರುವಾಗ ಲಾಭ 2:2:1 ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಡೀಡ್‌ನಲ್ಲಿ ಏನಿದೆಯೋ ಅದೇ. ಡೀಡ್ ಸುಮ್ಮನಿದ್ದರೂ ಬಂಡವಾಳದ ಪ್ರಮಾಣ ಬರುವುದಿಲ್ಲ, 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 13ರಂತೆ ಮೂವರಿಗೂ ಸಮಪಾಲು. ಡೀಡ್‌ನಲ್ಲಿ ಇಲ್ಲದಿದ್ದರೆ ಬಂಡವಾಳಕ್ಕೆ ಬಡ್ಡಿಯೂ ಇಲ್ಲ, ಡ್ರಾಯಿಂಗ್ಸ್‌ಗೆ ಬಡ್ಡಿಯೂ ಇಲ್ಲ, ಸಂಬಳವೂ ಇಲ್ಲ.

ಮೂವರ ಖಾತೆಗಳನ್ನು ಮುಗಿಸಿದರೆ ಹೀಗೆ ಬರುತ್ತದೆ:

```
                    ನೀವು        ಭಾವ       ಗೆಳೆಯ
ಆರಂಭದ ಬಂಡವಾಳ     9,00,000   5,00,000   2,00,000
ಹೊಸ ಬಂಡವಾಳ       3,00,000         --         --
ಬಂಡವಾಳದ ಬಡ್ಡಿ     1,05,000     50,000     20,000
ಸಂಬಳ                   --         --   1,80,000
ಲಾಭದ ಪಾಲು        1,08,200   1,08,200     54,100
ಡ್ರಾಯಿಂಗ್ಸ್        −1,20,000  −2,40,000  −1,55,000
ಡ್ರಾಯಿಂಗ್ಸ್ ಬಡ್ಡಿ     −6,500    −11,000     −8,000
ಮಾರ್ಚ್ 31ರ ಬಾಕಿ  12,86,700   4,07,200   2,91,100
```

ಲೆಕ್ಕ ಸರಿಯಿದೆಯೇ ಎಂದು ನೋಡಲು ಒಂದು ಸುಲಭದ ತಾಳೆ ಇದೆ. ಮೂವರ ಬಾಕಿ ಕೂಡಿದರೆ 19,85,000. ಇದನ್ನು ಬಡ್ಡಿ, ಸಂಬಳ ಯಾವುದನ್ನೂ ಮುಟ್ಟದೆ ಇನ್ನೊಂದು ದಾರಿಯಿಂದ ಪಡೆಯಿರಿ: ಆರಂಭದ 16,00,000, ಹೊಸದಾಗಿ ಬಂದ 3,00,000, ಲಾಭ 6,00,000, ಕಳೆ ಡ್ರಾಯಿಂಗ್ಸ್ 5,15,000. ಅದೂ 19,85,000. ಎರಡೂ ಕೂಡದಿದ್ದರೆ ಮೊದಲು ವ್ಯತ್ಯಾಸ ಎಷ್ಟೆಂದು ನೋಡಿ. ನಿಮ್ಮ ಲೆಕ್ಕದಲ್ಲಿ ಬಾಕಿ 25,500 ಕಡಿಮೆ ಬಂದರೆ, ಡ್ರಾಯಿಂಗ್ಸ್ ಬಡ್ಡಿಯನ್ನು ಮೂವರ ಖಾತೆಯಿಂದ ಕಳೆದಿದ್ದಾರೆ, ಆದರೆ ಲಾಭಕ್ಕೆ ಕೂಡಿಸುವುದನ್ನು ಮರೆತಿದ್ದಾರೆ ಎಂದರ್ಥ. 1,75,000 ಕಡಿಮೆ ಬಂದರೆ ಬಂಡವಾಳದ ಬಡ್ಡಿಯನ್ನು ಲಾಭ-ನಷ್ಟ ಖಾತೆಯಲ್ಲಿ ಒಮ್ಮೆ, ವಿನಿಯೋಗ ಖಾತೆಯಲ್ಲಿ ಮತ್ತೊಮ್ಮೆ ಕಳೆದಿರುತ್ತಾರೆ. ಈ ಎರಡನೆಯದು ಸುಲಭವಾಗಿ ಆಗುವ ತಪ್ಪು. ತೆರಿಗೆ ಲೆಕ್ಕಕ್ಕೆ ಅನುಕೂಲವೆಂದು ಬಡ್ಡಿ, ಸಂಬಳಗಳನ್ನು ಲಾಭ-ನಷ್ಟ ಖಾತೆಯಲ್ಲೇ ಖರ್ಚು ಹಾಕುವ ರೂಢಿ ಇದೆ. ಆಗ ಅಲ್ಲಿ ಕಾಣುವ ನಿವ್ವಳ ಲಾಭ ನಿಮ್ಮ 6 ಲಕ್ಷವಲ್ಲ, 2,45,000.

ಈ ತಾಳೆಯೇ ನಿಮ್ಮ "ಬಡ್ಡಿ ಯಾಕೆ" ಎಂಬ ಪ್ರಶ್ನೆಗೂ ಉತ್ತರ ಕೊಡುತ್ತದೆ. ಎರಡನೇ ದಾರಿಯಲ್ಲಿ ಬಡ್ಡಿಯ ಹೆಸರೇ ಬರಲಿಲ್ಲ, ಆದರೂ ಮೊತ್ತ ಒಂದೇ. ಅಂದರೆ ಪಾಲುದಾರರ ಬಡ್ಡಿಯಿಂದ ಅಂಗಡಿಯ ಹಣ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಅದು ಮೂವರ ನಡುವಿನ ಹಣವನ್ನು ಇಲ್ಲಿಂದ ಅಲ್ಲಿಗೆ ಸರಿಸುತ್ತದೆ, ಅಷ್ಟೇ. ನೀವು ಕಟ್ಟಿದ 6,500 ಎಲ್ಲಿಗೆ ಹೋಯಿತು ನೋಡಿ. ಅದು ಮೂವರ 25,500ರ ರಾಶಿಗೆ ಸೇರಿತು. ಆ ರಾಶಿ 2:2:1ರಲ್ಲಿ ಹಂಚಿಹೋಗಿ ನಿಮಗೆ 10,200, ಭಾವನವರಿಗೆ 10,200, ಗೆಳೆಯನಿಗೆ 5,100 ಲಾಭದ ರೂಪದಲ್ಲಿ ವಾಪಸ್ ಬಂತು. ನೀವು ಕೊಟ್ಟದ್ದು 6,500, ಪಡೆದದ್ದು 10,200. ನಿಮಗೆ 3,700 ಉಳಿಯಿತು. ಭಾವನವರಿಗೆ 800, ಗೆಳೆಯನಿಗೆ 2,900 ಕೈ ಬಿಟ್ಟಿತು. ಡ್ರಾಯಿಂಗ್ಸ್ ಬಡ್ಡಿ ಬೇಡವೆಂದು ನೀವು ಹಟ ಹಿಡಿದು ತೆಗೆಸಿದ್ದರೆ ನಷ್ಟ ನಿಮಗೇ.

ಬಂಡವಾಳದ ಬಡ್ಡಿಯೂ ಹೀಗೇ. 1,05,000 ಪೂರ್ತಿಯಾಗಿ ನಿಮ್ಮ ಗಳಿಕೆಯಲ್ಲ. ಯಾವ ಬಡ್ಡಿಯೂ ಇಲ್ಲದೆ ಸಂಬಳ ಮಾತ್ರ ಕೊಟ್ಟಿದ್ದರೆ ಉಳಿಯುವ 4,20,000ದಲ್ಲಿ ನಿಮಗೆ 1,68,000 ಬರುತ್ತಿತ್ತು. ಈಗ ಬಡ್ಡಿ, ಲಾಭ ಎಲ್ಲ ಸೇರಿ ನಿಮಗೆ ಬಂದದ್ದು 2,06,700. ಎರಡೂ ಬಗೆಯ ಬಡ್ಡಿಯಿಂದ ನಿಮಗಾದ ನಿಜವಾದ ಅನುಕೂಲ 38,700. ಅದರಲ್ಲಿ 20,800 ಭಾವನವರ ಕಡೆಯಿಂದ, 17,900 ಗೆಳೆಯನ ಕಡೆಯಿಂದ ಬಂದದ್ದು. ಭಾವನವರಿಗೂ 50,000 ಬಡ್ಡಿ ಬಂದಿದೆಯಲ್ಲ ಎನ್ನಬಹುದು, ಆದರೆ ಲಾಭದಲ್ಲಿ ನಿಮಗೆ ಸರಿಸಮ ಪಾಲು ಪಡೆಯುವ ಅವರ ಬಂಡವಾಳ ನಿಮ್ಮದಕ್ಕಿಂತ ಬಹಳ ಕಡಿಮೆ. ಆ ಅಂತರವನ್ನು ಬಡ್ಡಿ ಸರಿದೂಗಿಸುತ್ತಿದೆ. ಎಲ್ಲರ ಬಂಡವಾಳವೂ ಲಾಭದ ಪ್ರಮಾಣದಲ್ಲೇ ಇರುವ ಅಂಗಡಿಯಲ್ಲಿ ಬಂಡವಾಳಕ್ಕೆ ಬಡ್ಡಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಮುಂದೆ ಲಾಭ ಕಡಿಮೆಯಾದರೆ ಏನು ಎಂಬುದಕ್ಕೆ ಉತ್ತರ ನಿಮ್ಮ ಡೀಡ್‌ನ ಒಂದು ಸಾಲಿನಲ್ಲಿದೆ. ಸೆಕ್ಷನ್ 13(ಸಿ) ಪ್ರಕಾರ ಬಂಡವಾಳದ ಬಡ್ಡಿಯನ್ನು ಲಾಭದಿಂದ ಮಾತ್ರ ಕೊಡಬೇಕು. ಡೀಡ್‌ನಲ್ಲಿ ಬೇರೆ ಮಾತಿಲ್ಲದಿದ್ದರೆ ನಷ್ಟದ ವರ್ಷ ಬಡ್ಡಿ ಸೊನ್ನೆ. ಲಾಭ ಇದ್ದೂ ಸಾಲದೆ ಹೋದರೆ ಇದ್ದಷ್ಟನ್ನು ಬೇಡಿಕೆಗಳ ಪ್ರಮಾಣದಲ್ಲಿ ಹಂಚುತ್ತಾರೆ. ಹೋಲಿಕೆಗೆ ಇದೇ ವರ್ಷದ ಬೇಡಿಕೆ ಇಟ್ಟುಕೊಳ್ಳೋಣ: ಬಡ್ಡಿ 1,75,000, ಸಂಬಳ 1,80,000, ಒಟ್ಟು 3,55,000. ಡ್ರಾಯಿಂಗ್ಸ್ ಬಡ್ಡಿಯೂ ಸೇರಿ ಹಂಚಲು ಇರುವುದು 2,84,000 ಮಾತ್ರ ಎನ್ನಿ. ಅದು ಬೇಡಿಕೆಯ ಶೇ 80. ಹಾಗಾಗಿ ಎಲ್ಲರಿಗೂ ಶೇ 80: ನಿಮಗೆ 84,000, ಭಾವನವರಿಗೆ 40,000, ಗೆಳೆಯನಿಗೆ ಬಡ್ಡಿ 16,000 ಮತ್ತು ಸಂಬಳ 1,44,000. 2:2:1ರಲ್ಲಿ ಹಂಚಲು ಏನೂ ಉಳಿಯುವುದಿಲ್ಲ.

ಕೆಲವು ಡೀಡ್‌ಗಳಲ್ಲಿ ಲಾಭವಿರಲಿ ನಷ್ಟವಿರಲಿ ಬಡ್ಡಿಯನ್ನೂ ಸಂಬಳವನ್ನೂ ಪೂರ್ತಿ ಕೊಡತಕ್ಕದ್ದು ಎಂದು ಬರೆದಿರುತ್ತಾರೆ. ಹಾಗಿದ್ದರೆ 3,55,000 ಪೂರ್ತಿ ಜಮೆ ಮಾಡಿ, ಕೊರತೆಯಾದ 71,000 ನಷ್ಟವನ್ನು 2:2:1ರಲ್ಲಿ ಹಂಚುತ್ತಾರೆ. ನಿಮಗೆ 1,05,000 ಬಂದು 28,400 ಹೋಗಿ 76,600 ಉಳಿಯುತ್ತದೆ. ಭಾವನವರಿಗೆ 21,600, ಗೆಳೆಯನಿಗೆ 1,85,800. ನಿಮ್ಮ ಬಡ್ಡಿಯನ್ನು ಭದ್ರ ಮಾಡುವ ಹಾಗೆ ಕಾಣುವ ಈ ಸಾಲು ನಿಜವಾಗಿ ನಿಮಗೆ 7,400 ಕಡಿಮೆ ಕೊಟ್ಟಿತು, ಏಕೆಂದರೆ ಅದೇ ಸಾಲು ಗೆಳೆಯನ ಸಂಬಳವನ್ನೂ ಭದ್ರ ಮಾಡಿತು. ಭಾವನವರಿಗಂತೂ ಹೆಚ್ಚುಕಡಿಮೆ ಅರ್ಧವೇ ಹೋಯಿತು. ಆದ್ದರಿಂದ ಇಂಥ ಸಾಲು ಬರೆಸುವ ಮುಂಚೆ ಕಡಿಮೆ ಲಾಭದ ಒಂದು ವರ್ಷವನ್ನು ಕಾಗದದ ಮೇಲೆ ಹಂಚಿ ನೋಡಿ.

ನಿಮ್ಮ ಅಕ್ಟೋಬರ್‌ನ 3 ಲಕ್ಷ ಬಂಡವಾಳವೋ ಸಾಲವೋ ಎಂಬುದು ಕೂಡ ಇಲ್ಲೇ ಬರುತ್ತದೆ. ನಿಮ್ಮ ಲೆಕ್ಕದವರು ಬಂಡವಾಳವೆಂದು ಹಿಡಿದು ಶೇ 10 ಕೊಟ್ಟಿದ್ದಾರೆ. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಾಗಿ ಮುಂಗಡ ಕೊಟ್ಟ ಹಣ ಎಂದಾದರೆ, ಬೇರೆ ಒಪ್ಪಂದವಿಲ್ಲದಾಗ ಸೆಕ್ಷನ್ 13(ಡಿ) ಪ್ರಕಾರ ಶೇ 6. ಆರು ತಿಂಗಳಿಗೆ 15,000ದ ಬದಲು 9,000. ದರ ಕಡಿಮೆ, ಆದರೆ ಆ ಬಡ್ಡಿಗೆ ಲಾಭದ ಹಂಗಿಲ್ಲ, ನಷ್ಟದ ವರ್ಷವೂ ಅದು ಬರುತ್ತದೆ. ಒಂದೆರಡು ವರ್ಷದಲ್ಲಿ ವಾಪಸ್ ಪಡೆಯುವ ಹಣವಾದರೆ ಅದನ್ನು ಪಾಲುದಾರರ ಸಾಲದ ಖಾತೆಯಲ್ಲಿ ಬೇರೆಯಾಗಿ ಇಡುವುದು ಒಳ್ಳೆಯದು, ದರವನ್ನೂ ಮೂವರ ಸಹಿಯೊಂದಿಗೆ ಬರೆದಿಡಿ.

ತೆರಿಗೆಯ ವಿಷಯದಲ್ಲಿ ಎರಡು ಮಾತು ಸಾಕು. 2025-26ಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 40(ಬಿ) ಪ್ರಕಾರ ಪಾಲುದಾರರ ಬಡ್ಡಿ ಡೀಡ್‌ನಲ್ಲಿ ಇರಬೇಕು ಮತ್ತು ಶೇ 12ರ ಸರಳ ಬಡ್ಡಿಯವರೆಗೆ ಮಾತ್ರ ಅಂಗಡಿಗೆ ಖರ್ಚಾಗಿ ಸಿಗುತ್ತದೆ. ನಿಮ್ಮದು ಶೇ 10, ತೊಂದರೆಯಿಲ್ಲ. ಇನ್ನೊಂದು, 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸೆಕ್ಷನ್ 194ಟಿ. ಒಬ್ಬ ಪಾಲುದಾರರಿಗೆ ವರ್ಷದಲ್ಲಿ ಬಡ್ಡಿ, ಸಂಬಳ ಇತ್ಯಾದಿ ಸೇರಿ 20,000 ದಾಟಿದರೆ ಪೂರ್ತಿ ಮೊತ್ತದ ಮೇಲೆ ಶೇ 10 ಟಿಡಿಎಸ್ ಕಡಿಯಬೇಕು. ನಗದಾಗಿ ಕೊಡದೆ ಬಂಡವಾಳ ಖಾತೆಗೆ ಜಮೆ ಮಾಡಿದರೂ ಕಡಿಯಬೇಕು. ನಿಮ್ಮಲ್ಲಿ ನಿಮಗೆ 10,500, ಭಾವನವರಿಗೆ 5,000, ಗೆಳೆಯನಿಗೆ ಬಡ್ಡಿ ಸಂಬಳ ಕೂಡಿ 2,00,000ಕ್ಕೆ 20,000. ಲಾಭದ ಪಾಲಿಗೆ ಟಿಡಿಎಸ್ ಇಲ್ಲ, ಅದು ನಿಮ್ಮ ಕೈಯಲ್ಲಿ ತೆರಿಗೆಮುಕ್ತ. ಮೇಲಿನ ಬಾಕಿಗಳಲ್ಲಿ ನಾನು ಟಿಡಿಎಸ್ ಕಳೆದಿಲ್ಲ. ಅದನ್ನು ಮೂವರ ಖಾತೆಗೆ ಖರ್ಚು ಹಾಕಿದಾಗ ಒಟ್ಟು ಬಾಕಿ 35,500 ಇಳಿಯುತ್ತದೆ, ತಾಳೆ ನೋಡುವಾಗ ಅದನ್ನು ತಪ್ಪೆಂದು ತಿಳಿಯಬೇಡಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿರುವುದರಿಂದ ಮುಂದಿನ ವರ್ಷದ ಕಾಗದಗಳಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ ಇರುತ್ತವೆ.

ನೀವು ಕೇಳದ, ಆದರೆ ಮುಂದಿನ ಮಾರ್ಚ್‌ನಲ್ಲಿ ಭಾವನವರು ಕೇಳಬಹುದಾದ ಒಂದು ಪ್ರಶ್ನೆ ಇದೆ. ನಿಮ್ಮ ಲೆಕ್ಕದಲ್ಲಿ ಎಲ್ಲವೂ ಬಂಡವಾಳ ಖಾತೆಗೇ ಹೋಗುತ್ತಿದೆ. ಹಾಗಾಗಿ 2026ರ ಏಪ್ರಿಲ್ 1ರಿಂದ ನಿಮ್ಮ ಬಡ್ಡಿ 12,86,700ರ ಮೇಲೆ, ಅಂದರೆ 1,28,670. ಇದರಲ್ಲಿ ಹಿಂದಿನ ವರ್ಷದ ಬಡ್ಡಿಯ ಮೇಲಿನ ಬಡ್ಡಿಯೂ ಸೇರಿದೆ. ಭಾವನವರ ಬಂಡವಾಳ 4,07,200ಕ್ಕೆ ಇಳಿದಿದೆ, ಅವರ ಬಡ್ಡಿ 40,720. ಯಾರೂ ಮಾತಾಡಿಕೊಳ್ಳದೆಯೇ, ಡೀಡ್‌ನ ಒಂದು ಅಕ್ಷರವೂ ಬದಲಾಗದೆಯೇ ವರ್ಷ ವರ್ಷ ಹಣ ನಿಮ್ಮ ಕಡೆಗೆ ಸರಿಯುತ್ತ ಹೋಗುತ್ತದೆ. ಮೂವರಿಗೂ ಇದು ಗೊತ್ತಿದ್ದು ಒಪ್ಪಿಗೆಯಿದ್ದರೆ ಸರಿ. ಇಲ್ಲವಾದರೆ ಸ್ಥಿರ ಬಂಡವಾಳ ಪದ್ಧತಿಗೆ ಹೋಗಿ: ಬಂಡವಾಳ ಖಾತೆಯಲ್ಲಿ 12 ಲಕ್ಷ, 5 ಲಕ್ಷ, 2 ಲಕ್ಷ ಹಾಗೆಯೇ ಇರಲಿ, ಬಡ್ಡಿ, ಸಂಬಳ, ಲಾಭ, ಡ್ರಾಯಿಂಗ್ಸ್ ಎಲ್ಲವೂ ಪ್ರತಿಯೊಬ್ಬರ ಚಾಲ್ತಿ ಖಾತೆಗೆ ಹೋಗಲಿ, ಬಂಡವಾಳದ ಬಡ್ಡಿ ಸ್ಥಿರ ಮೊತ್ತಕ್ಕೆ ಮಾತ್ರ ಸಿಗಲಿ. ಆಗ ಈ ವರ್ಷದ ಕೊನೆಗೆ ನಿಮ್ಮ ಚಾಲ್ತಿ ಖಾತೆಯಲ್ಲಿ 86,700 ಜಮೆ, ಗೆಳೆಯನದರಲ್ಲಿ 91,100 ಜಮೆ, ಭಾವನವರದರಲ್ಲಿ 92,800 ಬಾಕಿ. ಗಳಿಸಿದ್ದಕ್ಕಿಂತ ಹೆಚ್ಚು ತೆಗೆದದ್ದು ಯಾರು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಆ 92,800ಕ್ಕೆ ಮುಂದಿನ ವರ್ಷ ಬಡ್ಡಿ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ಪದ್ಧತಿ ಬದಲಿಸುವ ದಿನವೇ ಡೀಡ್‌ನಲ್ಲಿ ಬರೆಸಿ.